ಪೊಟ್ಟಣದ ಬೆನ್ನು ಓದುವವರಿಗೆ

ತ್ರಿಪ್ಲಿಕೇನ್, ಚೆನ್ನೈ

ಆಸ್ಪತ್ರೆಗಳಲ್ಲಿ, ಲಾಡ್ಜುಗಳಲ್ಲಿ ಅರಬ್ಬಿ ದುಭಾಷಿಗಳಾಗಿ ದುಡಿಯುತ್ತಿರುವ ನಮ್ಮ ಕಡೆಯ ತಮ್ಮಂದಿರಿಗೆ, ತಂಗಿಯರಿಗೆ,



ನಿಮ್ಮಲ್ಲಿ ಹಲವರು ಭಟ್ಕಳ, ಉಳ್ಳಾಲ, ಉಪ್ಪಳ, ಕಾಸರಗೋಡಿನ ಕಡೆಯವರು. ಕೆಲವರು ಮದರಸಾದಲ್ಲಿ ಅರಬ್ಬಿ ಓದಿದವರು. ಹೆಚ್ಚಿನವರು ದುಬೈ, ಮಸ್ಕತ್, ದಮಾಮಿನ ಅಂಗಡಿಗಳಲ್ಲಿ ಗಿರಾಕಿಗಳ ಬಾಯಿಂದಲೇ ಅದನ್ನು ಕಲಿತು, ಊರಿಗೆ ಮರಳಿದ ಮೇಲೆ ಚೆನ್ನೈ, ಬೆಂಗಳೂರು, ಮಂಗಳೂರಿನ ಆಸ್ಪತ್ರೆಗಳಲ್ಲಿ ಆ ಮಾತನ್ನೇ ಅನ್ನ ಮಾಡಿಕೊಂಡವರು. ನಾನು ಇಲ್ಲಿ ತ್ರಿಪ್ಲಿಕೇನಿನಲ್ಲಿ, ರಾಯರ ಮಠಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಇರುವವನು. ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಅಚ್ಚಿಗೆ ಹೋಗುವ ಮುಂಚೆ ಒಂದೊಂದಾಗಿ ನೋಡುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಆ ಹಕ್ಕಿನಿಂದಲೇ ಈ ಪತ್ರ.

ಗ್ರೀಮ್ಸ್ ರೋಡಿನ ಆಸ್ಪತ್ರೆಗಳು ನಮ್ಮ ಪೇಟೆಯಿಂದ ಆಟೋದ ಸಣ್ಣ ದೂರ. 1795ರಲ್ಲಿ ಕಟ್ಟಿದ ವಾಲಾಜಾ ಮಸೀದಿ ಇಲ್ಲಿದೆ, ಹಲಾಲ್ ಊಟ ಸಿಗುತ್ತದೆ, ಅಡುಗೆ ಮಾಡಿಕೊಳ್ಳಬಹುದಾದ ಬಾಡಿಗೆ ಕೋಣೆಗಳೂ ಸಿಗುತ್ತವೆ. ಹಾಗಾಗಿ ಒಮಾನ್, ಯೆಮನ್, ಇರಾಕ್, ಸುಡಾನಿನಿಂದ ಚಿಕಿತ್ಸೆಗೆಂದು ಬಂದ ಕುಟುಂಬಗಳು ಈ ಬೀದಿಗಳಲ್ಲಿ ಓಡಾಡುವುದು ನಮಗೆ ಹೊಸ ನೋಟವಲ್ಲ. ಅಜ್ಜನಿಗೆ ಹೃದಯದ ಶಸ್ತ್ರಚಿಕಿತ್ಸೆ; ಜೊತೆಗೆ ಬಂದ ಮಗಳು, ಅವಳ ಕೈಹಿಡಿದ ಐದು ವರ್ಷದ ಮಗು. ಆಸ್ಪತ್ರೆಯೊಳಗೆ ನೀವು ಹೇಳುವ ಪ್ರತಿ ಮಾತಿಗೂ ಒಬ್ಬ ಡಾಕ್ಟರೋ ನರ್ಸೋ ಸಾಕ್ಷಿ ಇರುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ಸಂಜೆ ಆ ತಾಯಿ ಜಾಮ್ ಬಜಾರಿನ ಕಡೆಯ ಅಂಗಡಿಯೊಂದರಲ್ಲಿ ನಿಂತು, ಪೊಟ್ಟಣದ ಫೋಟೊ ತೆಗೆದು ವಾಟ್ಸಾಪಿನಲ್ಲಿ ನಿಮಗೆ ಕಳಿಸಿ, ‘ಇದರಲ್ಲಿ ಏನಿದೆ? ಮಗುವಿಗೆ ಕೊಡಬಹುದೇ?’ ಎಂದು ಕೇಳುತ್ತಾಳಲ್ಲ, ಆ ಅನುವಾದವನ್ನು ತಿದ್ದುವವರು ಯಾರೂ ಇಲ್ಲ. ಅದು ನಿಮ್ಮ ಕೆಲಸದ ಪಟ್ಟಿಯಲ್ಲೂ ಇಲ್ಲ, ಅದಕ್ಕೆ ಸಂಬಳವೂ ಇಲ್ಲ. ಒಳ್ಳೆಯ ಮನಸ್ಸಿನಿಂದ ಮಾಡುತ್ತೀರಿ. ಮಾಡುವುದನ್ನು ಬಿಡಬೇಡಿ, ಆದರೆ ಹೀಗೆ ಮಾಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಮೊದಲ ಕೋರಿಕೆಯೇ ದೊಡ್ಡದು. ‘ಕಂಟೇನ್ಸ್’ ಎಂದು ಶುರುವಾಗುವ ದಪ್ಪಕ್ಷರದ ಎಚ್ಚರಿಕೆಯ ಸಾಲನ್ನಷ್ಟೇ ಅರಬ್ಬಿಗೆ ತಿರುಗಿಸಿ ಕೈತೊಳೆದುಕೊಳ್ಳಬೇಡಿ. ನಾನು ಗಮನಿಸಿದಂತೆ ನಿಮ್ಮಲ್ಲಿ ಬಹಳ ಮಂದಿ ಮಾಡುವುದು ಇದನ್ನೇ, ಕಾರಣವೂ ಅರ್ಥವಾಗುತ್ತದೆ. ಪದಾರ್ಥಗಳ ಪಟ್ಟಿ ಉದ್ದ, ಅಕ್ಷರ ಸಣ್ಣ. ಎಚ್ಚರಿಕೆಯ ಸಾಲು ಚಿಕ್ಕದು, ಅಲರ್ಜಿಗೆಂದೇ ಬರೆದದ್ದು. ಅದು ಸಾಕು ಅನ್ನಿಸುವುದು ಸಹಜ. ಆದರೆ ಆ ಸಾಲಿನಲ್ಲಿ ಏನಿರಬೇಕು ಎಂಬುದನ್ನು ತೀರ್ಮಾನಿಸಿದ್ದು ನಮ್ಮ ದೇಶದ ಕಾನೂನು. ಆ ಮಗುವಿನ ಅಲರ್ಜಿಯಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಎಂಟು ಬಾಬತ್ತುಗಳನ್ನು ಅಲರ್ಜಿಕಾರಕ ಎಂದು ಘೋಷಿಸುವುದು ಕಡ್ಡಾಯ: ಗೋಧಿ, ಬಾರ್ಲಿ, ಓಟ್ಸ್‌ನಂಥ ಗ್ಲುಟೆನ್ ಇರುವ ಧಾನ್ಯಗಳು, ಸಿಗಡಿ–ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ–ಬಾದಾಮಿಯಂಥ ಮರದ ಬೀಜಗಳು, ಸೋಯಾ, ಹಾಗೂ ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವ ಸಲ್ಫೈಟ್. ಇದರಲ್ಲಿ ಎಳ್ಳು ಇಲ್ಲ. ಸಾಸಿವೆಯೂ ಇಲ್ಲ.

ಯೂರೋಪಿನ ಹದಿನಾಲ್ಕರ ಪಟ್ಟಿಯಲ್ಲಿ ಇವೆರಡೂ ಇವೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಎಳ್ಳನ್ನು ಹೇಳಲೇಬೇಕು. ಅರಬ್ ಮನೆಗಳಲ್ಲೋ ತಹೀನಾ, ಹಲ್ವಾ, ಜಾತರ್ ಎಂದು ಎಳ್ಳು ದಿನನಿತ್ಯದ ಪದಾರ್ಥ. ಎಳ್ಳಿನ ಅಲರ್ಜಿಯ ಮಗುವಿದ್ದರೆ ಆ ತಾಯಿ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಹುಡುಕುವವಳೇ. ಅವಳಿಗೆ ನೀವು ಭಾರತದ ಎಚ್ಚರಿಕೆ ಸಾಲನ್ನಷ್ಟೇ ಅರಬ್ಬಿಯಲ್ಲಿ ಕಳಿಸಿದರೆ, ಅದರಲ್ಲಿ ಎಳ್ಳಿನ ಹೆಸರಿಲ್ಲದಿದ್ದರೆ, ಎಳ್ಳು ಇಲ್ಲವೆಂದೇ ಅವಳು ತಿಳಿಯುತ್ತಾಳೆ. ನಿಮ್ಮ ಅನುವಾದ ಅಕ್ಷರಶಃ ಸರಿಯಿದ್ದೂ ಅವಳು ತಿಳಿದುಕೊಂಡದ್ದು ತಪ್ಪು.

ಒಂದು ಪೊಟ್ಟಣವನ್ನು ಎದುರಿಗಿಟ್ಟುಕೊಂಡು ನೋಡೋಣ. ಕಂಪನಿಯ ಹೆಸರು ಬೇಡ. ನಮ್ಮ ಬೀದಿಯ ಯಾವ ಅಂಗಡಿಯಲ್ಲಿ ತೂಗುಹಾಕಿದ ತಟ್ಟೆ ಮುರುಕ್ಕಿನ ಸರಕೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಇಂಗ್ಲಿಷಿನ ಪಟ್ಟಿಯನ್ನು ಓದಿದ ಹಾಗೇ ಬರೆಯುತ್ತೇನೆ: ರೈಸ್ ಫ್ಲೋರ್, ಎಡಿಬಲ್ ವೆಜಿಟಬಲ್ ಆಯಿಲ್ (ಪಾಮೋಲೀನ್, ಜಿಂಜೆಲಿ ಆಯಿಲ್), ಗ್ರಾಮ್ ಫ್ಲೋರ್, ಗ್ರೌಂಡ್‌ನಟ್, ಬ್ಲ್ಯಾಕ್ ಗ್ರಾಮ್ ಫ್ಲೋರ್, ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್, ಅಯೋಡೈಸ್ಡ್ ಸಾಲ್ಟ್, ಕಾಂಪೌಂಡೆಡ್ ಅಸಫೆಟಿಡಾ. ಕೆಳಗೆ ದಪ್ಪಗೆ: ಕಂಟೇನ್ಸ್ ಪೀನಟ್ ಅಂಡ್ ವೀಟ್. ಮೇ ಕಂಟೇನ್ ಟ್ರೀ ನಟ್ಸ್ ಅಂಡ್ ಮಿಲ್ಕ್.

ಎರಡನೆಯ ಹೆಸರಲ್ಲೇ ಎಳ್ಳು ಕೂತಿದೆ. ಜಿಂಜೆಲಿ ಎಂದರೆ ಎಳ್ಳೆಂದು ತಮಿಳುನಾಡಿನ ಮಕ್ಕಳಿಗೂ ಗೊತ್ತು, ಫೋನಿನ ಕ್ಯಾಮೆರಾ ಅನುವಾದಕ್ಕೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅರಬ್ಬಿ ಅಕ್ಷರದಲ್ಲಿ ‘ಜಿಂಜಲಿ’ ಎಂದು ಹಾಗೇ ಇಳಿಸಿಬಿಡುತ್ತದೆ. ಓದಿದ ತಾಯಿ ಯಾವುದೋ ಹಿಂದೂಸ್ತಾನಿ ಎಣ್ಣೆ ಅಂದುಕೊಂಡು ಮುಂದೆ ಹೋಗುತ್ತಾಳೆ. ತಮಾಷೆಯೆಂದರೆ ಈ ಹೆಸರಿನ ಬೇರು ಅರಬ್ಬಿಯ ಜುಲ್‌ಜುಲಾನ್. ಪೋರ್ಚುಗೀಸರ ಬಾಯಲ್ಲಿ ಹೊರಳಿ ನಮ್ಮಲ್ಲಿಗೆ ಬಂದದ್ದು. ಯೆಮನ್ ಕಡೆ ಎಳ್ಳಿಗೆ ಇಂದಿಗೂ ಜಿಲ್‌ಜಿಲ್ ಎನ್ನುವವರಿದ್ದಾರೆ. ಉಳಿದ ಹೆಚ್ಚಿನವರಿಗೆ ಅದು ಸಿಮ್‌ಸಿಮ್, ನಮ್ಮ ‘ಖುಲ್ ಜಾ ಸಿಮ್‌ಸಿಮ್’ ಕತೆಯ ಸಿಮ್‌ಸಿಮ್. ನೀವು ಬರೆಯಬೇಕಾದದ್ದು ‘ಜೈತ್ ಸಿಮ್‌ಸಿಮ್’, ಎಳ್ಳೆಣ್ಣೆ. ಆ ಒಂದು ಪದದ ಮೇಲೆ ಆ ಮಗುವಿನ ಸಂಜೆ ನಿಂತಿದೆ, ಎಚ್ಚರಿಕೆಯ ಸಾಲಿನಲ್ಲಿ ಅದರ ಸುಳಿವೇ ಇಲ್ಲ.

ಇಲ್ಲೇ ಇನ್ನೊಂದು ಅಪಾಯ ಹೇಳಿಬಿಡುತ್ತೇನೆ. ಕೊಲ್ಲಿಯಲ್ಲಿ ಹಿಟ್ಟಿಗೆ ‘ತಹೀನ್’ ಎನ್ನುವುದು ನಿಮಗೆಲ್ಲ ರೂಢಿ. ಎಳ್ಳಿನ ಗಸಿ ‘ತಹೀನಾ’. ಬರೆಯುವಾಗ ಕೊನೆಯ ಒಂದು ಅಕ್ಷರದ ಅಂತರ. ಅವಸರದಲ್ಲಿ ಕಳಿಸಿದ ಧ್ವನಿ ಸಂದೇಶದಲ್ಲಿ, ಆಟೋ ಹಾರ್ನಿನ ನಡುವೆ, ಆ ಅಂತರ ಕೇಳಿಸುವುದಿಲ್ಲ. ಎಳ್ಳಿನ ಅಲರ್ಜಿಯ ಮನೆಯವರಿಗೆ ಹಿಟ್ಟಿನ ಮಾತು ಹೇಳುವಾಗ ‘ದಕೀಕ್’ ಎನ್ನಿ. ಎಲ್ಲ ಅರಬ್ಬರಿಗೂ ತಿಳಿಯುತ್ತದೆ, ಎಳ್ಳಿನ ಹತ್ತಿರವೂ ಸುಳಿಯುವುದಿಲ್ಲ.

ಮುಂದಿನದು ಗ್ರಾಮ್ ಫ್ಲೋರ್, ಅಂದರೆ ಕಡಲೆಹಿಟ್ಟು. ಫೋನು ಇದನ್ನು ತೂಕದ ಗ್ರಾಂ ಎಂದು ಓದಿ, ‘ಗ್ರಾಂ ಹಿಟ್ಟು’ ಎಂದು ಅರ್ಥವಿಲ್ಲದ ಅರಬ್ಬಿ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಓದಿದವರು ಅದನ್ನು ಗೋಧಿಹಿಟ್ಟು ಎಂದುಕೊಂಡರೆ ಅಚ್ಚರಿಯಿಲ್ಲ. ಸರಿಯಾದದ್ದು ‘ದಕೀಕ್ ಹುಮ್ಮುಸ್’. ಬ್ಲ್ಯಾಕ್ ಗ್ರಾಮ್ ಉದ್ದು; ಅದಕ್ಕೆ ಅರಬ್ ಅಡುಗೆಮನೆಯಲ್ಲಿ ಬಳಕೆಯ ಹೆಸರೇ ಇಲ್ಲ. ಮನಸ್ಸಿಗೆ ಬಂದ ಬೇಳೆಯ ಹೆಸರು ಕೊಡಬೇಡಿ. ‘ಬಕೂಲಿಯಾತ್ ಜಾತಿಯ ಒಂದು ಹಿಂದೂಸ್ತಾನಿ ಕಾಳು’ ಎಂದು ಬಿಡಿಸಿ ಹೇಳಿ. ದ್ವಿದಳ ಧಾನ್ಯ ಆಗದ ಮಗುವಿದ್ದರೆ ಅಷ್ಟು ತಿಳಿದರೆ ಸಾಕು, ಅವಳೇ ಪೊಟ್ಟಣವನ್ನು ಕೆಳಗಿಡುತ್ತಾಳೆ.

ಇನ್ನು ಗ್ರೌಂಡ್‌ನಟ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮೂರು ಭಾಷೆಗಳ ಗೊಂದಲ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡುತ್ತದೆ. ನಮ್ಮಲ್ಲೇ ನೋಡಿ: ಧಾರವಾಡದಲ್ಲಿ ಶೇಂಗಾ, ಮೈಸೂರಿನಲ್ಲಿ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ. ಬರಿ ಕಡಲೆ ಎಂದರೆ ಬೇರೆಯೇ ಕಾಳು. ತಮಿಳಿನಲ್ಲಿ ಇದು ಇನ್ನೂ ಜಟಿಲ. ‘ಕಡಲೈ ಮಾವು’ ಕಡಲೆಹಿಟ್ಟು, ‘ಕಡಲೈ ಎಣ್ಣೈ’ ಶೇಂಗಾ ಎಣ್ಣೆ, ‘ಕಡಲೈ ಮಿಠಾಯಿ’ ಶೇಂಗಾ ಚಿಕ್ಕಿ. ನೀವು ಅಂಗಡಿಯ ಹುಡುಗನಿಗೆ ಫೋನ್ ಕೊಡಿಸಿ ‘ಇದರಲ್ಲಿ ಏನು ಹಾಕಿದ್ದಾರೆ?’ ಎಂದು ಕೇಳಿದರೆ ಅವನು ‘ಕಡಲೈ’ ಎನ್ನುತ್ತಾನೆ. ಕನ್ನಡದ ಕಿವಿಗೆ ಅದು ಕಡಲೆ. ಅರಬ್ಬಿಯಲ್ಲಿ ಹುಮ್ಮುಸ್ ಎಂದು ದಾಟಿಸಿಬಿಡುತ್ತೀರಿ. ಅವನು ಹೇಳಿದ್ದು ಶೇಂಗಾ. ಆದ್ದರಿಂದ ‘ವೇರ್‌ಕಡಲೈಯಾ, ಕೊಂಡೈಕಡಲೈಯಾ’ ಎಂದು ಒಡೆದು ಕೇಳದೆ ಮುಂದುವರಿಯಬೇಡಿ. ವೇರ್‌ಕಡಲೈ ಬೇರಿನದು, ಶೇಂಗಾ. ಕೊಂಡೈಕಡಲೈ ಹುಮ್ಮುಸಿನ ಕಾಳು.

ಅರಬ್ಬಿಯ ಕಡೆಯೂ ಇದೇ ಕತೆ. ಶೇಂಗಾಕ್ಕೆ ಪುಸ್ತಕದ ಹೆಸರು ‘ಫೂಲ್ ಸೂದಾನಿ’. ಎರಡನೆಯ ಪದ ಬಿದ್ದುಹೋದರೆ ಉಳಿಯುವ ‘ಫೂಲ್’ ಎಂದರೆ ಬೆಳಗಿನ ತಿಂಡಿಗೆ ಬೇಯಿಸುವ ದೊಡ್ಡ ಅವರೆಜಾತಿಯ ಕಾಳು. ಅದು ಅರ್ಧ ತಪ್ಪಲ್ಲ, ಎರಡು ತಪ್ಪು. ಶೇಂಗಾ ಆಗದ ಮಗುವಿನ ತಾಯಿ ನಿರಾಳವಾಗುತ್ತಾಳೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನ ತಾಯಿ ವಿನಾಕಾರಣ ಬೆಚ್ಚುತ್ತಾಳೆ. ಆ ಕೊರತೆ ಒಮಾನ್, ಇರಾಕ್, ಸೌದಿಯ ಪೂರ್ವಭಾಗಗಳಲ್ಲಿ ಸಾಮಾನ್ಯ. ಅಂಥ ಮಕ್ಕಳಿಗೆ ಆ ಕಾಳು ತಿಂದರೆ ರಕ್ತದ ಕೆಂಪುಕಣಗಳು ಒಡೆಯಬಹುದು. ಇನ್ನು ಸಿರಿಯಾ, ಲೆಬನಾನಿನವರಲ್ಲಿ ಅನೇಕರಿಗೆ ಬರಿ ‘ಫುಸ್ತುಕ್’ ಎಂದರೆ ಶೇಂಗಾ. ಪಿಸ್ತಾಕ್ಕೆ ಅಲೆಪ್ಪೊ ಊರಿನ ಹೆಸರು ಸೇರಿಸಿ ‘ಫುಸ್ತುಕ್ ಹಲಬಿ’ ಎನ್ನುತ್ತಾರೆ. ಕೊಲ್ಲಿಯ ಮಾತು ಕಲಿತ ನಿಮಗೆ ಫುಸ್ತುಕ್ ಎಂದೊಡನೆ ಪಿಸ್ತಾ ನೆನಪಾಗುತ್ತದೆ. ತಾಯಿ ‘ಮಗುವಿಗೆ ಫುಸ್ತುಕ್ ಆಗದು’ ಎಂದರೆ ಯಾವುದು ಆಗದು?

ಇದಕ್ಕೆ ನಾನು ಕಂಡುಕೊಂಡ ಉಪಾಯ ಭಾಷೆಯದ್ದಲ್ಲ. ಸಿಪ್ಪೆಯೊಳಗಿನ ಶೇಂಗಾ, ಪಿಸ್ತಾ, ಕಡಲೆ, ಫೂಲ್, ಎಳ್ಳು, ಗೋಡಂಬಿ, ಇವುಗಳ ಒಂದೊಂದು ಸ್ಪಷ್ಟ ಚಿತ್ರ ನಿಮ್ಮ ಫೋನಿನಲ್ಲಿರಲಿ. ಕುಟುಂಬ ಬಂದಿಳಿದ ಮೊದಲ ದಿನವೇ, ಅಂಗಡಿಗೆ ಹೋಗುವ ಮುಂಚೆ, ಚಿತ್ರ ತೋರಿಸಿ ‘ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ? ಯಾವುದು ಮಗುವಿಗೆ ಆಗದು?’ ಎಂದು ಕೇಳಿ. ಅವಳು ಹೇಳಿದ ಪದವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಬರುವ ಪ್ರತಿ ಪೊಟ್ಟಣಕ್ಕೂ ಅವಳ ಪದವನ್ನೇ ಬಳಸಿ, ಪಕ್ಕದಲ್ಲಿ ಪುಸ್ತಕದ ಪದವನ್ನೂ ಇಡಿ. ಹಾಲಿಗೂ ಹೀಗೇ. ಕೊಲ್ಲಿಯವರಿಗೆ ಹಾಲು ಹಲೀಬ್, ಲಬನ್ ಎಂದರೆ ಮಜ್ಜಿಗೆ. ಈಜಿಪ್ಟ್, ಸುಡಾನಿನವರಿಗೆ ಲಬನ್ ಎಂದರೇ ಹಾಲು. ಗೋಡಂಬಿ ಮಾತ್ರ ಕಷ್ಟ ಕೊಡುವುದಿಲ್ಲ, ಅಲ್ಲಿಯೂ ಅದು ಕಾಜು.

ಪೊಟ್ಟಣದ ಕೊನೆಯ ಹೆಸರು ಕಾಂಪೌಂಡೆಡ್ ಅಸಫೆಟಿಡಾ. ಇದು ನಮ್ಮ ಅಡುಗೆಮನೆಯ ಡಬ್ಬಿಯ ಇಂಗು. ಅರಬ್ಬಿಯಲ್ಲಿ ‘ಹಿಲ್ತೀತ್’ ಎಂದು ಬರೆದರೆ ಸರಿಯಾದ ಅನುವಾದವೇ, ಕೊಲ್ಲಿಯ ಅಜ್ಜಿಯರಿಗೆ ಅದು ಔಷಧಿಯಾಗಿ ಗೊತ್ತು. ಆದರೆ ಅಪ್ಪಟ ಹಿಲ್ತೀತ್ ಗಿಡದ ಅಂಟು; ನಾವು ಕೊಳ್ಳುವ ಪುಡಿ ಇಂಗಿನಲ್ಲಿ ಆ ಅಂಟು ಸ್ವಲ್ಪ, ಉಳಿದದ್ದು ಸಾಮಾನ್ಯವಾಗಿ ಗೋಧಿಹಿಟ್ಟೋ ಅಕ್ಕಿಹಿಟ್ಟೋ ಅರಬ್ಬೀ ಗೋಂದೋ. ‘ಕಾಂಪೌಂಡೆಡ್’ ಎಂಬ ವಿಶೇಷಣದಲ್ಲಿ ಗೋಧಿ ಅಡಗಿದೆ. ಮುರುಕ್ಕಿನಲ್ಲಿ ಅಕ್ಕಿ ಮತ್ತು ಬೇಳೆಯಷ್ಟೇ ಇದೆಯೆಂದು ಸೀಲಿಯಾಕ್ ಕಾಯಿಲೆಯ ಮಗುವಿಗೆ ಕೊಡುವವರುಂಟು. ಈ ಪೊಟ್ಟಣದ ಎಚ್ಚರಿಕೆ ಸಾಲಿನಲ್ಲಿ ‘ವೀಟ್’ ಬಂದದ್ದು ಇಂಗಿನಿಂದ. ಸಾಂಬಾರ್ ಪುಡಿ, ರಸಂ ಪುಡಿಗಳಲ್ಲೂ ಇದೇ ದಾರಿಯಲ್ಲಿ ಗೋಧಿ ಬರುತ್ತದೆ. ಪಟ್ಟಿಯಲ್ಲಿ ಗೋಧಿ ಕಾಣದೆ ಎಚ್ಚರಿಕೆಯಲ್ಲಿ ಕಂಡರೆ ಮುದ್ರಣದ ತಪ್ಪೆಂದು ಬಿಟ್ಟುಬಿಡಬೇಡಿ, ಅದು ಬಂದ ದಾರಿ ಹುಡುಕಿ. ಎಳ್ಳಿನಲ್ಲಿ ಪಟ್ಟಿಯೇ ಸತ್ಯ ಹೇಳಿತು, ಗೋಧಿಯಲ್ಲಿ ಎಚ್ಚರಿಕೆಯ ಸಾಲು ಹೇಳಿತು. ಎರಡನ್ನೂ ಪೂರ್ತಿ ತಿರುಗಿಸದೆ ಗತ್ಯಂತರವಿಲ್ಲ ಎನ್ನುವುದು ಇದಕ್ಕೇ.

ಈಗ ಅದೇ ಪಟ್ಟಿಯ ನಡುವಿನ ‘ಸ್ಪೈಸಸ್ ಅಂಡ್ ಕಾಂಡಿಮೆಂಟ್ಸ್’. ಮಸಾಲೆ ಪದಾರ್ಥಗಳನ್ನು ಒಂದೊಂದಾಗಿ ಹೇಳದೆ ಹೀಗೆ ಒಟ್ಟು ಹೆಸರಿನಲ್ಲಿ ಬರೆಯಲು ನಿಯಮದಲ್ಲಿ ಅವಕಾಶವಿದೆ. ಅದರೊಳಗೆ ಸಾಸಿವೆ ಇರಬಹುದು, ಇಲ್ಲದೆಯೂ ಇರಬಹುದು. ಸಾಸಿವೆ ನಮ್ಮ ಎಂಟರ ಪಟ್ಟಿಯಲ್ಲಿ ಇಲ್ಲದ್ದರಿಂದ ಎಚ್ಚರಿಕೆಯ ಸಾಲೂ ಸುಮ್ಮನಿರುತ್ತದೆ. ಎಷ್ಟೇ ಒಳ್ಳೆಯ ಅರಬ್ಬಿ ಬಂದರೂ ಇಲ್ಲಿ ನಿಮಗೆ ಉತ್ತರ ಸಿಗದು, ಏಕೆಂದರೆ ಪೊಟ್ಟಣದ ಮೇಲೆ ಉತ್ತರವೇ ಇಲ್ಲ. ಆಗ ಬರೆಯಬೇಕಾದದ್ದು ‘ಘೈರ್ ಮದ್ಕೂರ್’, ನಮೂದಿಸಿಲ್ಲ. ಪೊಟ್ಟಣದ ಮೇಲೆ ಗ್ರಾಹಕರ ವಿಚಾರಣೆಯ ಫೋನ್ ಸಂಖ್ಯೆ ಇರಲೇಬೇಕು, ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆಯೂ ಇರುತ್ತದೆ. ಬಿಡುವಿದ್ದರೆ ಫೋನ್ ಮಾಡಿ, ಬ್ಯಾಚ್ ಸಂಖ್ಯೆ ಹೇಳಿ, ಸಾಸಿವೆ ಇದೆಯೇ ಎಂದು ಕೇಳಿ. ಬಿಡುವಿಲ್ಲದಿದ್ದರೆ ಬೇರೆ ಪೊಟ್ಟಣ ನೋಡಲು ಹೇಳಿ.

ನಮ್ಮ ಜನಕ್ಕೆ ‘ಗೊತ್ತಿಲ್ಲ’ ಎನ್ನುವುದು ಸಂಕೋಚ. ಅದರ ಬದಲು ನಿಮ್ಮ ಬಾಯಲ್ಲಿ ಬರುವುದು ‘ಮಾ ಫೀ ಮುಶ್ಕಿಲಾ’, ಏನೂ ತೊಂದರೆಯಿಲ್ಲ. ಒಂದು ಸಂಜೆ ನನ್ನ ಕಣ್ಣೆದುರೇ ಒಬ್ಬ ಹುಡುಗ, ಬಹಳ ಸಭ್ಯ ಹುಡುಗ, ಅಂಗಡಿಯ ಗದ್ದಲದಲ್ಲಿ ಪೊಟ್ಟಣವನ್ನು ತಿರುಗಿಸಿ ನೋಡಿ, ದಪ್ಪಕ್ಷರದ ಸಾಲನ್ನಷ್ಟು ಓದಿ, ತಾಯಿಗೆ ಆ ಮಾತು ಹೇಳಿದ. ಅದರ ಪಟ್ಟಿಯಲ್ಲಿ ಜಿಂಜೆಲಿ ಇತ್ತು. ನಾನು ನಡುವೆ ಬಾಯಿ ಹಾಕಬೇಕಾಯಿತು. ಅವನು ಮುಖ ಕೆಂಪು ಮಾಡಿಕೊಳ್ಳಲಿಲ್ಲ. ‘ಸರ್, ಅದು ಎಳ್ಳಾ?’ ಎಂದು ಕೇಳಿ ಅಲ್ಲೇ ತಿದ್ದಿ ಹೇಳಿದ. ಆ ತಾಯಿಯ ಚೀಲದಲ್ಲಿ ಅಡ್ರೆನಲಿನ್ ಚುಚ್ಚುವ ಪೆನ್ನು ಇತ್ತು. ಅದನ್ನು ಅವರು ಊರಿನಿಂದಲೇ ತರುತ್ತಾರೆ, ಇಲ್ಲಿಯ ಔಷಧದಂಗಡಿಯಲ್ಲಿ ಸುಲಭಕ್ಕೆ ಸಿಗುವ ಸರಕಲ್ಲ ಅದು. ದಯವಿಟ್ಟು ಮಗುವಿಗೆ ಕೊಡಬಹುದು, ಕೊಡಬಾರದು ಎಂಬ ತೀರ್ಪು ನೀವು ಕೊಡಬೇಡಿ. ಏನು ಬರೆದಿದೆ, ಏನು ಬರೆದಿಲ್ಲ ಎಂಬುದಷ್ಟೇ ನಿಮ್ಮದು. ತೀರ್ಪು ತಾಯಿಯದು.

‘ಮೇ ಕಂಟೇನ್’ ವಿಷಯದಲ್ಲಿ ಇದು ಇನ್ನೂ ಮುಖ್ಯ. ಒಂದೇ ಯಂತ್ರದಲ್ಲಿ ಬೇರೆ ತಿನಿಸನ್ನೂ ಮಾಡಿದ್ದರಿಂದ ಪುಡಿಯೋ ಚೂರೋ ಸೇರಿರಬಹುದು ಎಂದು ತಯಾರಕರು ಕೊಡುವ ಸೂಚನೆ ಅದು. ಅರಬ್ಬಿಯಲ್ಲಿ ‘ಯಹ್ತವೀ ಅಲಾ’ ಎಂದರೆ ಇದೆ. ಅದರ ಮುಂದೆ ‘ಕದ್’ ಸೇರಿದರೆ ಇರಬಹುದು. ಆ ಪುಟ್ಟ ಪದ ಬಿಟ್ಟುಹೋದರೆ ತಿನ್ನಬಹುದಾಗಿದ್ದ ಎಷ್ಟೋ ತಿನಿಸು ಮಗುವಿನ ಕೈತಪ್ಪುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ‘ಇದೆ’ ಮತ್ತು ‘ಇರಬಹುದು’ ಎರಡೂ ಪಟ್ಟಿಗಳನ್ನು ಒಂದೇ ವಾಕ್ಯದಲ್ಲಿ ಹೊಸೆದು, ಎಲ್ಲಕ್ಕೂ ‘ಇರಬಹುದು’ ಎಂದು ಬರೆಯುವುದು. ಎರಡು ವಾಕ್ಯ ಇದ್ದದ್ದು ಎರಡು ವಾಕ್ಯವಾಗಿಯೇ ಹೋಗಲಿ.

ಹಸಿರು ಚುಕ್ಕೆಯ ಬಗ್ಗೆ ಎರಡು ಮಾತು. ಅದನ್ನು ನೀವು ‘ನಬಾತಿ’ ಎಂದು ತಿರುಗಿಸುತ್ತೀರಿ, ಸಸ್ಯಾಹಾರ. ಕೇಳಿದ ತಾಯಿ ಬರಿ ಗಿಡಮೂಲದ್ದು, ಹಾಲಿಲ್ಲ ಎಂದುಕೊಳ್ಳುವುದುಂಟು. ನಮ್ಮ ಹಸಿರು ಚುಕ್ಕೆಯಲ್ಲಿ ಹಾಲು, ತುಪ್ಪ, ಬೆಣ್ಣೆ ಎಲ್ಲಕ್ಕೂ ಜಾಗವಿದೆ, ಮೊಟ್ಟೆಗೆ ಇಲ್ಲ. ಆದರೆ ಅದೇ ಹಸಿರು ಚುಕ್ಕೆಯ ಕೆಳಗೆ ‘ಮೊಟ್ಟೆ ಇರಬಹುದು’ ಎಂಬ ಸಾಲು ಬಂದರೆ ವಿರೋಧವೇನಿಲ್ಲ: ಪದಾರ್ಥವಾಗಿ ಹಾಕಿಲ್ಲ, ಯಂತ್ರದಿಂದ ತಗುಲಿರಬಹುದು. ಚುಕ್ಕೆ ನಿಜಕ್ಕೂ ಸಹಾಯಕ್ಕೆ ಬರುವುದು ಅವರು ಕೇಳುವ ಇನ್ನೊಂದು ಪ್ರಶ್ನೆಗೆ. ಬಿಸ್ಕತ್ತಿನ ಪಟ್ಟಿಯಲ್ಲಿ 471 ಎಂಬ ಸಂಖ್ಯೆ ಕಂಡು ‘ಇದು ಪ್ರಾಣಿಯ ಕೊಬ್ಬೇ?’ ಎಂದು ಹಲಾಲಿನ ಚಿಂತೆಯಿಂದ ಕೇಳುತ್ತಾರೆ. 471ನ್ನು ಪ್ರಾಣಿಯಿಂದಲೂ ಮಾಡುತ್ತಾರೆ, ಸಸ್ಯದ ಎಣ್ಣೆಯಿಂದಲೂ ಮಾಡುತ್ತಾರೆ. ಹಸಿರು ಚುಕ್ಕೆಯಿದ್ದರೆ ಅದು ಸಸ್ಯದ್ದು. ಸಂಖ್ಯೆಗಳಲ್ಲಿ ಅಲರ್ಜಿಯ ದೃಷ್ಟಿಯಿಂದ ನೀವು ನೆನಪಿಡಬೇಕಾದವು ಬಹಳವಿಲ್ಲ. 322 ಲೆಸಿಥಿನ್, ಹೆಚ್ಚಾಗಿ ಸೋಯಾದ್ದು. 220ರಿಂದ 228ರವರೆಗಿನವು ಸಲ್ಫೈಟುಗಳು. ಬಿಸ್ಕತ್ತಿನ ಹಿಟ್ಟು ಹದಮಾಡಲು ಹಾಕುವ 223 ಇದೇ ಗುಂಪಿನದು, ಆಸ್ತಮಾ ಇರುವ ಕೆಲವರಿಗೆ ತೊಂದರೆ ಕೊಡುತ್ತದೆ. ಉಳಿದ ಸಂಖ್ಯೆಗಳನ್ನು ಸಂಖ್ಯೆಯಾಗಿಯೇ ಕಳಿಸಿ, ಅರಬ್ ದೇಶದ ಪೊಟ್ಟಣಗಳಲ್ಲೂ ಅವೇ ಸಂಖ್ಯೆಗಳು ಇರುವುದರಿಂದ ಅವರಿಗೆ ಪರಿಚಿತ.

ಸಂಖ್ಯೆ ಕಳಿಸುವಾಗ ಒಂದು ತೊಡಕಿದೆ. ಅರಬ್ಬಿ ಬಲದಿಂದ ಎಡಕ್ಕೆ, ಅಂಕಿಗಳು ಎಡದಿಂದ ಬಲಕ್ಕೆ. ಇಂಗ್ಲಿಷ್ ಅಕ್ಷರ, ಆವರಣ, ಅಂಕಿಗಳು ಬೆರೆತ ಉದ್ದ ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಆವರಣ ಚಿಹ್ನೆ ಎತ್ತಲೋ ತಿರುಗಿ, 500(ii) ಎಂಬುದು ಪಕ್ಕದ ಪದಾರ್ಥಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ‘ಪಾಮೋಲೀನ್, ಎಳ್ಳೆಣ್ಣೆ’ ಎಂಬ ಆವರಣದ ಒಳಗಿನ ಮಾತು ಯಾವುದರ ವಿವರಣೆ ಎಂದೇ ತಿಳಿಯುವುದಿಲ್ಲ. ಪರಿಹಾರ ಸುಲಭ: ಒಂದು ಸಾಲಿಗೆ ಒಂದೇ ಪದಾರ್ಥ. ಪೊಟ್ಟಣದಲ್ಲಿರುವ ಕ್ರಮವನ್ನೇ ಇಟ್ಟುಕೊಳ್ಳಿ, ಏಕೆಂದರೆ ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ ಎಂಬುದು ನಿಯಮ. ಕ್ರಮವೂ ಒಂದು ಮಾಹಿತಿಯೇ.

ಫೋಟೊ ಚೆನ್ನಾಗಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಮುರುಕ್ಕಿನ ಪೊಟ್ಟಣ ಗಾಳಿ ತುಂಬಿ ಉಬ್ಬಿರುತ್ತದೆ, ಕಾಗದ ಹೊಳೆಯುತ್ತದೆ, ಬೆಸುಗೆಯ ಮಡಿಕೆ ಸರಿಯಾಗಿ ಪಟ್ಟಿಯ ಮೇಲೇ ಹಾದುಹೋಗಿರುತ್ತದೆ. ಸಾಲು ಮುರಿದು ‘ಗ್ರೌಂಡ್’ ಮೇಲಿನ ಸಾಲಿಗೂ ‘ನಟ್’ ಕೆಳಗಿನ ಸಾಲಿಗೂ ಹೋದರೆ ಫೋನು ಅದನ್ನು ‘ಪುಡಿ ಮಾಡಿದ ಬೀಜಗಳು’ ಎಂದು ತಿರುಗಿಸುತ್ತದೆ, ಶೇಂಗಾ ಮಾಯ. ತಾಯಿಗೆ ಮೊದಲೇ ಹೇಳಿಕೊಡಿ: ಪೊಟ್ಟಣವನ್ನು ಬೆರಳಿನಿಂದ ಚಪ್ಪಟೆ ಮಾಡಿ, ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದು, ಇಡೀ ಹಿಂಬದಿಯದು ಒಂದು, ಪಟ್ಟಿಯದು ಹತ್ತಿರದಿಂದ ಒಂದು, ಮಡಿಕೆಯನ್ನು ಬಿಡಿಸಿ ಇನ್ನೊಂದು. ಪಟ್ಟಿಯ ಮೊದಲ ಹೆಸರು ಮತ್ತು ಕೊನೆಯ ಹೆಸರು ಎರಡೂ ಫೋಟೊದಲ್ಲಿ ಕಾಣದಿದ್ದರೆ ಅನುವಾದಕ್ಕೆ ಕೈ ಹಾಕಬೇಡಿ, ಮತ್ತೊಂದು ಫೋಟೊ ಕೇಳಿ. ಕಳೆದ ತಿಂಗಳು ಕೊಂಡ ಅದೇ ತಿನಿಸಾದರೂ ಹಳೆಯ ಅನುವಾದವನ್ನು ಮತ್ತೆ ಕಳಿಸಬೇಡಿ. ಎಣ್ಣೆಯ ಬೆಲೆ ಏರಿಳಿದಂತೆ ತಯಾರಕರು ಎಣ್ಣೆಯನ್ನು ಬದಲಿಸುತ್ತಾರೆ, ಹೊದಿಕೆಯ ಬಣ್ಣ ಹಾಗೇ ಇರುತ್ತದೆ.

ಕೊನೆಯದಾಗಿ, ನಿಮ್ಮಲ್ಲಿ ಅರಬ್ಬಿ ಮಾತಾಡಬಲ್ಲವರು ಬಹಳ, ಬರೆಯಬಲ್ಲವರು ಕಡಿಮೆ. ಇದರಲ್ಲಿ ನಾಚಿಕೆಯ ಮಾತಿಲ್ಲ. ಆದರೆ ಪದಪಟ್ಟಿಯನ್ನು ಒಮ್ಮೆಯಾದರೂ ಬರೆಯಬಲ್ಲವರಿಂದ ನೋಡಿಸಿಕೊಳ್ಳಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಅರಬ್ಬಿ–ಪಾರ್ಸಿ–ಉರ್ದು ವಿಭಾಗವಿದೆ, ನಮ್ಮ ಪೇಟೆಯ ಮದರಸಾಗಳಲ್ಲಿ ಬಲ್ಲ ಉಸ್ತಾದರಿದ್ದಾರೆ. ಸುಮಾರು ಐವತ್ತು ಪದಗಳ ಒಂದು ಹಾಳೆ ಸಾಕು: ಪೊಟ್ಟಣದ ಇಂಗ್ಲಿಷ್ ಹೆಸರು, ತಮಿಳಿನ ಮತ್ತು ಕನ್ನಡದ ಹೆಸರು, ಪುಸ್ತಕದ ಅರಬ್ಬಿ, ಪಕ್ಕದಲ್ಲಿ ಒಮಾನ್, ಯೆಮನ್, ಇರಾಕ್, ಸುಡಾನಿನ ಮನೆಮಾತಿನ ಹೆಸರು. ಪೊಟ್ಟಣದ ಕಡೆಯ ಅಂಕಣಗಳನ್ನು ನಾನು ತುಂಬಿಕೊಡಬಲ್ಲೆ, ಶುರುವೂ ಮಾಡಿದ್ದೇನೆ. ಮನೆಮಾತಿನ ಅಂಕಣ ನಿಮ್ಮಿಂದಲೇ ಬರಬೇಕು. ಸುಡಾನಿನ ತಾಯಂದಿರು ಎಳ್ಳಿಗೆ, ಇರಾಕಿನವರು ಗೋಧಿಯ ರವೆಗೆ ಏನೆನ್ನುತ್ತಾರೆಂದು ಮುಂದಿನ ಸಲ ಕೇಳಿದಾಗ ಬರೆದಿಟ್ಟುಕೊಂಡು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮಂಗಳೂರು, ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ನಿಮ್ಮ ಗೆಳೆಯರಿಗೂ ತಿಳಿಸಿ.

ಇತಿ,
ನಿಮ್ಮ ವಿಶ್ವಾಸಿ,
ಆಹಾರ ಪ್ರಯೋಗಾಲಯದ ಒಬ್ಬ ನಿವೃತ್ತ ನೌಕರ
ತ್ರಿಪ್ಲಿಕೇನ್, ಚೆನ್ನೈ